ಕೈಯಲ್ಲಿ ಕಾಸು ಇಟ್ಟುಕೊಂಡವನು ಗೆಲ್ಲೋದಿಲ್ಲ, ಸ್ವಾಮಿ!

ಸುಂಕಸಾಳದಲ್ಲಿ ಮಳೆ ಹಿಡಿದರೆ ಬಿಡೋದಿಲ್ಲ. ಕರೆಂಟೂ ಇರೋದಿಲ್ಲ. ಹೋದ ಸಲ ಅಂಥ ಮೂರು ದಿನ ನಾವು ಮೊನಾಪಲಿ ಆಡಿದೆವು, ಅಮೇರಿಕದ ಡಬ್ಬ. ಅಲ್ಲಿ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಹಾಗಾಗಿ ಇಲ್ಲೇ ಬರೆದುಬಿಡ್ತೀನಿ.

ಭಾವನ ಕಾಯಿ ನ್ಯೂಯಾರ್ಕ್ ಅವೆನ್ಯೂ ಮೇಲೆ ನಿಂತಿತು. ಬೆಲೆ 200 ಡಾಲರ್. ಅವನ ಕೈಯಲ್ಲಿ 640 ಇತ್ತು. "200 ಕೊಟ್ಟು 16 ಬಾಡಿಗೆಯ? ಹದಿಮೂರು ಸಲ ಯಾರಾದ್ರೂ ಬಂದು ನಿಂತ್ರೆ ಅಸಲು ಹುಟ್ತದೆ. ದುಡ್ಡು ಕೈಯಲ್ಲಿದ್ರೆ ಧೈರ್ಯ ಮಾರಾಯ" ಅಂದ. ಮನೆಯ ಹಿರಿಯರೆಲ್ಲ ತಲೆಯಾಡಿಸಿದರು. ಉಳಿತಾಯ ಅಂದ್ರೆ ಹೀಗಿರಬೇಕು ಅಂತ!

ಲೆಕ್ಕ ಸರಿ, ತಿಳುವಳಿಕೆ ತಪ್ಪು. ಈ ಆಟದಲ್ಲಿ ಕಾಸಿಗೆ ಬಡ್ಡಿ ಇಲ್ಲ. ಜಾಗದ ಬೆಲೆ ಏರೋದೂ ಇಲ್ಲ. ಆದರೆ ಕೊಂಡ ಜಾಗವನ್ನು ಯಾವಾಗ ಬೇಕಾದರೂ ಅಡವಿಟ್ಟು ಅರ್ಧ ಬೆಲೆ ತೆಗೀಬಹುದು. ಅಂದರೆ 200 ಕೊಟ್ಟರೂ ಅದರಲ್ಲಿ 100 ಕೈಗೆ ಸಿಗುವ ಹಾಗೇ ಇದೆ. ಬಿಡಿಸಿಕೊಳ್ಳೋಕೆ 110. ಅಡವಿದ್ದಾಗ ಬಾಡಿಗೆ ಬರಲ್ಲ ಅಷ್ಟೇ.

ಭಾವ ಕೊಳ್ಳಬೇಕಿದ್ದದ್ದು 16ರ ಬಾಡಿಗೆಯನ್ನಲ್ಲ. ಕಿತ್ತಳೆ ಬಣ್ಣದ ಉಳಿದೆರಡು ಜಾಗ ನನ್ನ ತಂಗಿ ಹತ್ತಿರ ಇದ್ದವು. ಅವಳ ದಾರಿಗೆ ಅಡ್ಡ ನಿಲ್ಲೋ ಹಕ್ಕು ಅವನಿಗೆ 200ಕ್ಕೆ ಸಿಗ್ತಿತ್ತು. ಮುಂದಿನ ಸುತ್ತಿನಲ್ಲಿ ತಂಗಿ ಅಲ್ಲಿಗೇ ಬಂದು ಕೊಂಡಳು. ಆಮೇಲೆ ಒಂದಕ್ಕೆ 100ರಂತೆ ಮೂರೂ ಜಾಗದಲ್ಲಿ ಮೂರು ಮೂರು ಮನೆ ಕಟ್ಟಿದಳು. ಭಾವ ಜೈಲಿನಿಂದ ಹೊರಬಂದು 9 ಹಾಕಿದ. ಬಾಡಿಗೆ 600! ಧೈರ್ಯವೆಲ್ಲ ಒಂದೇ ಏಟಿಗೆ ಖಾಲಿ.

ಇದು ಬರೀ ದುರದೃಷ್ಟ ಅನ್ನಬೇಡಿ. ಜೈಲಿನ ಮನೆಯಿಂದ ಕಿತ್ತಳೆ ಜಾಗಗಳು 6, 8, 9 ಹೆಜ್ಜೆ ದೂರ. ಎರಡು ದಾಳದಲ್ಲಿ ಇವು ಬೀಳೋದು 36ರಲ್ಲಿ 14 ರೀತಿ. ಜೈಲಿಗೆ ಹೋಗದವರು ಯಾರಿದ್ದಾರೆ?

ನಮ್ಮ ಮನೆಯ ಇನ್ನೊಂದು ತಪ್ಪು, ಬೇಡ ಅಂದ ಜಾಗವನ್ನು ಹಾಗೇ ಬಿಡೋದು. ನಿಯಮದ ಪ್ರಕಾರ ಅದನ್ನು ಆಗಲೇ ಹರಾಜು ಹಾಕಬೇಕು. ಬೇಡ ಅಂದವನೂ ಕೂಗಬಹುದು. ಹರಾಜು ಇದ್ದಿದ್ದರೆ ಭಾವನ ಜಿಪುಣತನ ಅಲ್ಲೇ ಬಯಲಾಗ್ತಿತ್ತು!

ಹಾಗಂತ ಕಾಸು ಯಾವತ್ತೂ ಬೇಡ ಅಂತಲ್ಲ. ಜಾಗ ಕೊಳ್ಳೋದು ಬೇರೆ, ಮನೆ ಕಟ್ಟೋದು ಬೇರೆ. 100ರ ಮನೆಯನ್ನು ಬ್ಯಾಂಕಿಗೆ ವಾಪಸ್ ಮಾರಿದರೆ 50 ಮಾತ್ರ. ಆ ಬಣ್ಣದ ಮನೆಗಳನ್ನೆಲ್ಲ ಮಾರದೆ ಜಾಗ ಅಡವಿಡೋಕೂ ಆಗಲ್ಲ. ಆದ್ದರಿಂದ ಕಟ್ಟುವ ಮೊದಲು ಮುಂದಿನ ಹನ್ನೆರಡು ಜಾಗ ನೋಡಿ. ಅಲ್ಲಿ ಬೇರೆಯವರ ಮನೆಗಳಿದ್ದರೆ ಆ ಬಾಡಿಗೆಯಷ್ಟು ಕಾಸು ಇಟ್ಟುಕೊಳ್ಳಿ. ಆದರೆ ಮನೆಗಳೇ ಇಲ್ಲದ ಮೊದಲ ಸುತ್ತುಗಳಲ್ಲಿ ಯಾವ ಭಯಕ್ಕೆ ಕಾಸು ಕೂಡಿಡ್ತೀರಿ?

ಭಾವ ಇದನ್ನು ಓದ್ತಾನೆ ಅಂತ ಗೊತ್ತು. ಮುಂದಿನ ಮಳೆಗಾಲಕ್ಕೆ ಬಾ ಭಾವ, ಹರಾಜು ಹಾಕಿಯೇ ಆಡುವ!