ಬಾಣಂತಿಯ ಮೈಮೇಲೆ ಏರಿದ ‘ವಿಷಯಗಳು’

ಗೆಳೆಯರೇ, ಬೋರ್ಡಿನಲ್ಲಿ ಕನ್ನಡವಿಲ್ಲ ಎಂದು ನಾವು ಬೀದಿಗಿಳಿದಿದ್ದೇವೆ. ಬ್ಯಾಂಕಿನ ಚಲನ್‌ನಲ್ಲಿ ಕನ್ನಡವಿಲ್ಲ ಎಂದು ಜಗಳ ಕಾದಿದ್ದೇವೆ. ಇವತ್ತು ನಾನು ಹೇಳಹೊರಟಿರುವುದು ಕನ್ನಡ ಇದ್ದೂ ಇಲ್ಲದ ಜಾಗದ ಬಗ್ಗೆ. ಅಲ್ಲಿ ಅಕ್ಷರ ಕನ್ನಡದ್ದು, ಕಾಗುಣಿತವೂ ಸರಿ. ಆದರೆ ಓದಿದ ಕನ್ನಡತಿಗೆ ಅರ್ಥವಾಗುವುದೇ ಬೇರೆ. ಅದರಿಂದ ಹೋಗುವುದು ಬೋರ್ಡಿನ ಮಾನವಲ್ಲ, ಜೀವ.

ನಿಮ್ಮ ಅಕ್ಕ ಹೆತ್ತು ಆರು ವಾರವಾಗಿದೆ ಎಂದುಕೊಳ್ಳಿ. ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ನರ್ಸ್ ಒಂದು ಹಾಳೆ ಕೊಡುತ್ತಾರೆ. ಹತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ. ಕಳೆದ ಏಳು ದಿನ ಹೇಗಿತ್ತೋ ಅದಕ್ಕೆ ಗುರುತು ಹಾಕಬೇಕು. ಪ್ರತಿ ಉತ್ತರಕ್ಕೆ 0ಯಿಂದ 3ರವರೆಗೆ ಅಂಕ, ಒಟ್ಟು 30. ಇದು ಎಡಿನ್‌ಬರೋ ಮಾಪನ. ಜಾನ್ ಕಾಕ್ಸ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ ತಾಯಂದಿರಿಗಾಗಿ ಮಾಡಿ 1987ರಲ್ಲಿ ಪ್ರಕಟಿಸಿದ್ದು. ಹೆರಿಗೆಯ ನಂತರ ಕೆಲವು ತಾಯಂದಿರನ್ನು ಹಿಡಿಯುವ ಖಿನ್ನತೆಯನ್ನು ಬೇಗ ಗುರುತಿಸಲು ಇದು ಬೇಕು. ಇದು ಕಾಯಿಲೆ ಇದೆ ಎಂದು ತೀರ್ಪು ಕೊಡುವ ಹಾಳೆಯಲ್ಲ. ಯಾರನ್ನು ಡಾಕ್ಟರು ಕೂರಿಸಿಕೊಂಡು ಮಾತನಾಡಿಸಬೇಕು ಎಂದು ಹೇಳುವ ಜರಡಿ, ಅಷ್ಟೆ.

ಮಾಡಿದವರು ಬುದ್ಧಿವಂತರು. ಖಿನ್ನತೆಯ ಸಾಮಾನ್ಯ ಹಾಳೆಗಳು ಕೇಳುವ ಸುಸ್ತು, ಹಸಿವಿನಂಥ ಮೈಯ ಲಕ್ಷಣಗಳನ್ನು ಬಿಟ್ಟರು. ಯಾಕೆ? ಎಳೆಗೂಸು ಇಟ್ಟುಕೊಂಡ ಯಾವ ತಾಯಿಗೆ ಸುಸ್ತಿಲ್ಲ ಹೇಳಿ! ಅವರು ಮನಸ್ಸಿನ ಪ್ರಶ್ನೆಗಳನ್ನೇ ಉಳಿಸಿಕೊಂಡರು. ತೊಡಕು ಇರುವುದೂ ಅಲ್ಲೇ. ಮೈಯ ಮಾತು ಸುಲಭವಾಗಿ ಭಾಷೆ ದಾಟುತ್ತದೆ, ಮನಸ್ಸಿನ ಮಾತು ದಾಟುವುದಿಲ್ಲ.

ಆರನೆಯ ಪ್ರಶ್ನೆಯನ್ನೇ ನೋಡಿ. ಇಂಗ್ಲಿಷಿನಲ್ಲಿ ಅದು ‘ಥಿಂಗ್ಸ್ ಹ್ಯಾವ್ ಬೀನ್ ಗೆಟಿಂಗ್ ಆನ್ ಟಾಪ್ ಆಫ್ ಮಿ’. ಇದು ಅಲ್ಲಿನವರ ಆಡುಮಾತು. ನಿಭಾಯಿಸಲಾಗದಷ್ಟು ಆಗಿಬಿಟ್ಟಿದೆ ಎಂದು ಅದರ ಅರ್ಥ. ಡಿಕ್ಷನರಿ ಹಿಡಿದು ಕೂತ ಮಹಾಶಯ ಏನು ಬರೆಯುತ್ತಾನೆ? ‘ವಿಷಯಗಳು ನನ್ನ ಮೇಲೆ ಏರುತ್ತಿವೆ.’ ನಗಬೇಡಿ. ಬಾಣಂತಿಯ ಕಿವಿಯಿಂದ ಕೇಳಿ. ನಮ್ಮಲ್ಲಿ ಮೈಮೇಲೆ ಏರುವುದು, ಮೈಮೇಲೆ ಬರುವುದು ಯಾವುದು? ದೇವರು, ಇಲ್ಲ ದೆವ್ವ. ಹಸಿ ಬಾಣಂತಿಗೆ ಗಾಳಿ ಸೋಕುತ್ತದೆ ಎಂದು ಕಬ್ಬಿಣದ ತುಂಡು ಜೊತೆಗಿಡುವ ಮನೆಯ ಹೆಣ್ಣುಮಗಳು ಇದಕ್ಕೆ ಏನೆನ್ನುತ್ತಾಳೆ? ‘ಅಯ್ಯೋ, ಅಂಥದ್ದೇನೂ ಇಲ್ಲಪ್ಪ!’ ಹಾಳೆಯಲ್ಲಿ ಸೊನ್ನೆ ಬೀಳುತ್ತದೆ.

ಇಂಥ ತಪ್ಪು ಹಿಡಿಯಲು ದಾರಿ ಇಲ್ಲವೇ? ಇದೆ ಎನ್ನುತ್ತಾರೆ. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಹಿಮ್ಮರಳಿ ಅನುವಾದ. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು. ಮೂಲವನ್ನು ನೋಡದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ಒಯ್ಯಬೇಕು. ಎರಡು ಇಂಗ್ಲಿಷನ್ನೂ ತಾಳೆ ಹಾಕಬೇಕು. ಬಿಟ್ಟುಹೋದ ‘ಇಲ್ಲ’, ತಿರುಗುಮುರುಗಾದ ವಾಕ್ಯ ಇದರಲ್ಲಿ ಸಿಕ್ಕಿಬೀಳುತ್ತವೆ. ಒಳ್ಳೆಯ ಉಪಾಯವೇ.

ಆದರೆ ನಮ್ಮ ಆರನೆಯ ಪ್ರಶ್ನೆಯನ್ನು ಈ ದಾರಿಯಲ್ಲಿ ಕಳಿಸಿ ನೋಡಿ. ‘ವಿಷಯಗಳು ನನ್ನ ಮೇಲೆ ಏರುತ್ತಿವೆ’ ಎಂಬುದನ್ನು ಇಂಗ್ಲಿಷ್ ಬಲ್ಲವನು ಓದುತ್ತಾನೆ, ಒಳಗೆ ಅಡಗಿದ ಇಂಗ್ಲಿಷ್ ನುಡಿಗಟ್ಟನ್ನು ಗುರುತಿಸುತ್ತಾನೆ, ಮೂಲವನ್ನು ಹೆಚ್ಚುಕಮ್ಮಿ ಹಾಗೇ ಬರೆದುಕೊಡುತ್ತಾನೆ. ಪರೀಕ್ಷೆ ಪಾಸು! ಈಗ ತಿಳಿದವಳೊಬ್ಬಳು ಕೂತು, ‘ಎಲ್ಲಾ ಕೈಮೀರಿ ಹೋಗ್ತಿದೆ, ನಿಭಾಯಿಸೋಕೆ ಆಗ್ತಿಲ್ಲ ಅನ್ನಿಸ್ತಿದೆ’ ಎಂದು ಬರೆದಳೆನ್ನಿ. ಅದು ಮರಳಿ ಇಂಗ್ಲಿಷಿಗೆ ಹೋದಾಗ ಮೂಲದ ಒಂದು ಪದವೂ ಸಿಗುವುದಿಲ್ಲ. ಪದ ಎಣಿಸುವ ಪರೀಕ್ಷಕ ಕೆಂಪು ಗೆರೆ ಎಳೆಯುತ್ತಾನೆ. ಸತ್ತ ಕನ್ನಡ ಪಾಸು, ಜೀವಂತ ಕನ್ನಡ ಫೇಲು! ಯಾಕೆಂದರೆ ಈ ಪರೀಕ್ಷೆಯ ಮೊದಲ ಕುರ್ಚಿಯಿಂದ ಕೊನೆಯ ಕುರ್ಚಿಯವರೆಗೆ ಕೂತವರೆಲ್ಲ ಇಂಗ್ಲಿಷ್ ಬಲ್ಲವರು. ಯಾರಿಗಾಗಿ ಹಾಳೆಯೋ ಅವಳು ಆ ಕೋಣೆಯಲ್ಲೇ ಇಲ್ಲ.

ಹಾಗಾಗಿ ಮುಂದಿನ ಹೆಜ್ಜೆ ಅವಳ ಹತ್ತಿರ ಹೋಗುವುದು. ಹತ್ತು ಹದಿನೈದು ತಾಯಂದಿರ ಜೊತೆ ಒಬ್ಬೊಬ್ಬರಾಗಿ ಕೂತು, ಪ್ರಶ್ನೆ ಓದಿ, ಉತ್ತರಕ್ಕಿಂತ ಮುಂಚೆ ಇನ್ನೊಂದು ಕೇಳಬೇಕು: ‘ಇದು ನಿಮ್ಮನ್ನ ಏನು ಕೇಳ್ತಿದೆ? ನಿಮ್ಮ ಮಾತಲ್ಲೇ ಹೇಳಿ.’ ಹೀಗೆ ಕೇಳಿದರೆ ಬುಡವೇ ಅಲ್ಲಾಡುತ್ತದೆ. ‘ಎಲ್ಲಾ ನನ್ನ ತಲೆ ಮೇಲೆ ಬಿದ್ದಿದೆ’ ಎಂಬ ಅಪ್ಪಟ ಕನ್ನಡವೂ ಇಲ್ಲಿ ಜಾರಬಹುದು. ಜವಾಬ್ದಾರಿ ತಲೆ ಮೇಲೆ ಬಿದ್ದಿದೆ, ಆದರೆ ಚೆನ್ನಾಗಿಯೇ ನಡೆಸಿಕೊಂಡು ಹೋಗುತ್ತಿದ್ದೇನೆ ಎನ್ನುವ ಗಟ್ಟಿಗಿತ್ತಿ ಕೂಡ ‘ಹೌದು’ ಎಂದುಬಿಡುತ್ತಾಳೆ. ಪ್ರಶ್ನೆ ಹೊರೆಯದ್ದಲ್ಲ, ಹೊರಲಾರದ್ದರದ್ದು.

ನಾಲ್ಕನೆಯ ಪ್ರಶ್ನೆ ಇನ್ನೂ ನವಿರು. ಸರಿಯಾದ ಕಾರಣವಿಲ್ಲದೆ ಆತಂಕ ಪಟ್ಟಿದ್ದೀರಾ ಎಂದು ಅದು ಕೇಳುತ್ತದೆ. ಗಂಡ ಕುಡಿದು ಬರುತ್ತಾನೆ, ಹುಟ್ಟಿದ್ದು ಮೂರನೆಯ ಹೆಣ್ಣು, ಮನೆಯಲ್ಲಿ ಯಾರೂ ಮಾತನಾಡಿಸುತ್ತಿಲ್ಲ. ಅಂಥವಳಿಗೆ ‘ಕಾರಣವಿಲ್ಲದೆ’ ಎಂದರೆ ಏನೆನ್ನುತ್ತಾಳೆ? ‘ಕಾರಣ ಇಲ್ಲದೆ ಯಾಕೆ, ಇದ್ದೇ ಇದೆಯಲ್ಲ!’ ಎಲ್ಲರಿಗಿಂತ ಹೆಚ್ಚು ನೊಂದವಳಿಗೆ ಮತ್ತೆ ಸೊನ್ನೆ. ಇಲ್ಲಿ ಪದ ತಪ್ಪಿಲ್ಲ, ಪ್ರಶ್ನೆಯ ಹಿಂದಿರುವ ಬದುಕು ಬೇರೆ.

ಲೆಕ್ಕ ಹಾಕಿ. ಒಬ್ಬ ತಾಯಿಗೆ ನಿಜವಾಗಿ 14 ಅಂಕ ಬರಬೇಕಿತ್ತು ಎನ್ನಿ. ಆರನೆಯದರಲ್ಲಿ 3, ನಾಲ್ಕನೆಯದರಲ್ಲಿ 2 ಹೋಯಿತು. ಉಳಿದದ್ದು 9. ಸ್ಕಾಟ್ಲೆಂಡಿನವರು ಇಟ್ಟ ಗಡಿ 13. ನರ್ಸಮ್ಮ ‘ಎಲ್ಲಾ ಸರಿಯಾಗಿದೆ, ಹೋಗಿ ಬನ್ನಿ’ ಎಂದು ಮನೆಗೆ ಕಳಿಸುತ್ತಾರೆ.

ಇನ್ನು ನಮ್ಮ ಪಂಡಿತರ ಸರದಿ. ಬೇಸರಿಸಬೇಡಿ, ನಮ್ಮವರನ್ನೂ ಬಿಡುವಂತಿಲ್ಲ. ದುಃಖದ ಪ್ರಶ್ನೆಗೆ ‘ಖಿನ್ನತೆ’, ‘ವಿಷಣ್ಣತೆ’ ಎಂದು ಬರೆದರೆ ಕನ್ನಡ ಉದ್ಧಾರವಾಯಿತು ಎಂದುಕೊಳ್ಳುತ್ತಾರೆ. ಹಾಲು ಕುಡಿಸುತ್ತಾ ಕೂತವಳಿಗೆ ಅದು ಇಂಗ್ಲಿಷಿನಷ್ಟೇ ದೂರ. ಹಾಗೆಂದು ‘ಬೇಜಾರು’ ಎಂದು ಬರೆದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಬೆಂಗಳೂರಿನ ಹುಡುಗ ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಜಾರು ಎನ್ನುತ್ತಾನೆ, ಗೆಳೆಯ ತೀರಿಕೊಂಡರೂ ಬೇಜಾರು ಎನ್ನುತ್ತಾನೆ. ಧಾರವಾಡದ ಕಡೆ ‘ಬ್ಯಾಸರಾಗೇತಿ’ ಎಂದರೆ ಸಾಕಾಗಿಹೋಗಿದೆ ಎಂಬ ದಣಿವು, ಜಿಗುಪ್ಸೆಯೂ ಅದರಲ್ಲಿ ಸೇರಿರುತ್ತದೆ. ಹಾಗಾಗಿ ಒಂದೇ ಪದಕ್ಕೆ ಜೋತುಬೀಳದೆ, ‘ಮನಸ್ಸಿಗೆ ತುಂಬಾ ದುಃಖ, ಸಂಕಟ ಆಗಿದೆ’ ಎಂದು ಬಿಡಿಸಿ ಬರೆದು, ಅದನ್ನು ಬಳ್ಳಾರಿಯಲ್ಲೂ ಉಡುಪಿಯಲ್ಲೂ ಓದಿಸಿ ನೋಡಬೇಕು.

ಇಷ್ಟಾದ ಮೇಲೂ ಕೆಲಸ ಮುಗಿಯಲಿಲ್ಲ. ಗಡಿ ಅಂಕ ಎಲ್ಲಿಂದ ತಂದಿರಿ? ಎಡಿನ್‌ಬರೋದವರು 12ರ ಆಚೆ ಗೆರೆ ಎಳೆದಿದ್ದು ಅಲ್ಲಿನ 84 ತಾಯಂದಿರನ್ನು ಪರೀಕ್ಷಿಸಿ. ಪಕ್ಕದ ತಮಿಳರು ತಮ್ಮ ಭಾಷೆಯ ಹಾಳೆಯನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದಾಗ ಅವರಿಗೆ ಸಿಕ್ಕ ಗೆರೆ 8ರ ಆಚೆ. ಅದೇ ಹತ್ತು ಪ್ರಶ್ನೆ, ಗಡಿಯಲ್ಲಿ ನಾಲ್ಕು ಅಂಕದ ವ್ಯತ್ಯಾಸ! ಭಾಷೆ ಬದಲಾದಾಗ ಅಂಕವನ್ನು ಹಾಗೇ ಎತ್ತಿ ತರಲು ಬರುವುದಿಲ್ಲ.

ಗೆರೆ ಹುಡುಕುವುದು ಹೀಗೆ. 200 ತಾಯಂದಿರು ಹಾಳೆ ತುಂಬುತ್ತಾರೆ ಎನ್ನಿ. ಅಂಕ ಎಷ್ಟೆಂದು ತಿಳಿಯದ ಒಬ್ಬ ಮನೋವೈದ್ಯರು ಅದೇ ವಾರ ಪ್ರತಿಯೊಬ್ಬರನ್ನೂ ಕನ್ನಡದಲ್ಲೇ ಮಾತನಾಡಿಸಿ, 30 ಮಂದಿಗೆ ಖಿನ್ನತೆ ಇದೆ ಎನ್ನುತ್ತಾರೆ. ಈಗ ಹಾಳೆಯನ್ನು ತಾಳೆ ನೋಡಿ. 13ರಲ್ಲಿ ಗೆರೆ ಎಳೆದರೆ ಆ 30ರಲ್ಲಿ 18 ಮಂದಿ ಸಿಕ್ಕರು, 12 ಮಂದಿ ತಪ್ಪಿಸಿಕೊಂಡರು. 10ಕ್ಕೆ ಇಳಿಸಿದರೆ 26 ಮಂದಿ ಸಿಗುತ್ತಾರೆ. ಆದರೆ ಆರೋಗ್ಯವಾಗಿರುವ 170 ಮಂದಿಯಲ್ಲಿ, ಮೊದಲು 17 ಜನರನ್ನು ಸುಮ್ಮನೆ ಡಾಕ್ಟರ ಹತ್ತಿರ ಕಳಿಸುತ್ತಿದ್ದರೆ ಈಗ 34 ಜನರನ್ನು ಕಳಿಸುತ್ತೀರಿ. ಎಲ್ಲಿ ನಿಲ್ಲಿಸಬೇಕು ಎಂಬುದು ಎಷ್ಟು ಡಾಕ್ಟರಿದ್ದಾರೆ, ಎಷ್ಟು ತಾಯಂದಿರನ್ನು ಕಳೆದುಕೊಳ್ಳಲು ನೀವು ತಯಾರಿದ್ದೀರಿ ಎಂಬುದರ ಮೇಲೆ ನಿಂತಿದೆ. ಲೆಕ್ಕ ನನ್ನ ಉದಾಹರಣೆಯದ್ದು, ವಿಧಾನ ನಿಜದ್ದು.

ಇದೇ ಲೆಕ್ಕದಲ್ಲಿ ಕೆಟ್ಟ ಅನುವಾದವೂ ತಾನಾಗಿ ಹೊರಬೀಳುತ್ತದೆ. ಬೇರೆ ಒಂಬತ್ತು ಪ್ರಶ್ನೆಗೆ ಹೆಚ್ಚು ಅಂಕ ಬಂದವಳಿಗೆ ಹತ್ತನೆಯದರಲ್ಲೂ ಹೆಚ್ಚು ಬರಬೇಕು. ಒಂದು ಪ್ರಶ್ನೆ ಮಾತ್ರ ಉಳಿದವುಗಳ ಜೊತೆ ಹೆಜ್ಜೆ ಹಾಕದೆ, ಎಲ್ಲರಿಗೂ ಸೊನ್ನೆ ಕೊಡುತ್ತಾ ಕೂತಿದ್ದರೆ ಆ ವಾಕ್ಯ ಯಾರಿಗೂ ಅರ್ಥವಾಗಿಲ್ಲ ಎಂದು ಅನುಮಾನ ಪಡಿ.

ನಮ್ಮಲ್ಲಿ ಏನೂ ಆಗಿಲ್ಲ ಎಂದು ಹೇಳುವುದು ಸುಳ್ಳಾಗುತ್ತದೆ. ಕರ್ನಾಟಕದ ಹಳ್ಳಿಯ ಗರ್ಭಿಣಿಯರ ಜೊತೆ ಇದೇ ಮಾಪನವನ್ನು ತಾಳೆ ನೋಡಿದ ಕೆಲಸ 2011ರಲ್ಲಿ ಪ್ರಕಟವಾಗಿದೆ. ಆದರೆ ಗರ್ಭಿಣಿಗೆ ಒಪ್ಪಿದ ಗೆರೆ ಬಾಣಂತಿಗೂ ಒಪ್ಪುತ್ತದೆ, ಹಳ್ಳಿಯದ್ದು ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳಿಗೂ ಒಪ್ಪುತ್ತದೆ ಎಂದು ಮೊದಲೇ ನಂಬಿಬಿಡುವಂತಿಲ್ಲ. ಅಲ್ಲಿ ಹಾಳೆಯನ್ನು ತಾಯಿಯೇ ತುಂಬುತ್ತಾಳೆ. ಇಲ್ಲಿ ಓದು ಬಾರದವಳಿಗೆ ಬೇರೆಯವರು ಓದಿ ಹೇಳಬೇಕು, ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ. ಅತ್ತೆಯನ್ನು ಹೊರಗೆ ಕೂರಿಸುವುದೂ ಅನುವಾದದ ಭಾಗವೇ!

ಹತ್ತನೆಯ ಪ್ರಶ್ನೆಯನ್ನು ಮಾತ್ರ ಒಟ್ಟು ಅಂಕಕ್ಕೆ ಕಾಯಿಸಬೇಡಿ. ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆ ಎಂದು ಯಾವ ತಾಯಿಯಾದರೂ ಗುರುತು ಹಾಕಿದರೆ, ಒಟ್ಟು 4 ಇದ್ದರೂ ಸರಿ, ಅವತ್ತೇ ಯಾರಾದರೂ ಅವಳ ಜೊತೆ ಕೂತು ಮಾತನಾಡಬೇಕು. ನಿಮ್ಮ ಮನೆಯಲ್ಲಿ ಅಂಥ ಮಾತು ಕಿವಿಗೆ ಬಿದ್ದರೆ ಹಾಳೆಗೂ ಕಾಯಬೇಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ನಂಬರು 14416, ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ.

ಗೆಳೆಯರೇ, ‘ಕನ್ನಡದಲ್ಲಿ ಫಾರಂ ಕೊಡಿ’ ಎಂದಷ್ಟೇ ಕೂಗಿದರೆ ಅವರು ಒಂದೇ ರಾತ್ರಿಯಲ್ಲಿ ಅಚ್ಚು ಹಾಕಿಸಿ ಕೊಡುತ್ತಾರೆ. ಇನ್ನು ಮೇಲೆ ಮನಸ್ಸನ್ನು ಅಳೆಯುವ ಕನ್ನಡದ ಹಾಳೆ ಕೈಗೆ ಬಂದರೆ ಮೂರು ಪ್ರಶ್ನೆ ಕೇಳಿ. ಇದನ್ನು ಯಾವ ಊರಿನ, ಎಂಥ ತಾಯಂದಿರ ಮುಂದೆ ಓದಿ ನೋಡಿದಿರಿ? ಅವರು ಏನೆಂದ ಮೇಲೆ ಯಾವ ವಾಕ್ಯ ಬದಲಿಸಿದಿರಿ? ಗಡಿ ಅಂಕ ನಮ್ಮವರಿಂದ ಬಂದದ್ದೋ, ಎಡಿನ್‌ಬರೋದಿಂದ ಬಂದದ್ದೋ? ಮೂರಕ್ಕೂ ಉತ್ತರವಿಲ್ಲದಿದ್ದರೆ ಅದು ಕನ್ನಡದ ಹಾಳೆಯಲ್ಲ, ಕನ್ನಡ ಲಿಪಿಯಲ್ಲಿರುವ ಇಂಗ್ಲಿಷ್ ಹಾಳೆ. ವಾಪಸ್ ಕೊಟ್ಟು ಬನ್ನಿ.