ಗಿರಾಕಿ ಕಳಿಸಿದವರಿಗೆ ಕಮಿಷನ್ ಬೇಡ, ಸುದ್ದಿ ಮುಟ್ಟಿಸಿ

ಹಳ್ಳಿಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟರೆ ರೈತ ಮೊದಲು ಅಂಗಡಿ ಹುಡುಕುವುದಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಹೋದಾಗ ಕೇಳ್ತಾನೆ: "ಯಾರ ಹತ್ರ ಕೊಡ್ಲಿ?" ಕ್ಯಾನಿನಲ್ಲಿ ಹಾಲು ಅಳೆಯುತ್ತಲೇ ಸೆಕ್ರೆಟರಿ ಹೇಳ್ತಾರೆ: "ಬಸ್ ಸ್ಟ್ಯಾಂಡ್ ಹಿಂದೆ ಆ ಹುಡುಗ ಇದ್ದಾನಲ್ಲ, ಅವನ ಹತ್ರ ಕೊಡು. ನಾನು ಕಳಿಸಿದೆ ಅಂತ ಹೇಳು."

ಈ ಕೊನೆಯ ಮಾತು ಹೇಳೋಕೆ ಸುಲಭ, ಅದರ ತೂಕ ಮಾತ್ರ ದೊಡ್ಡದು. ಆ ಹುಡುಗ ವೈಂಡಿಂಗ್ ಸರಿಯಾಗಿ ಕಟ್ಟದೆ ಇದ್ದರೆ, ಹೇಳಿದ ದಿನಕ್ಕೆ ಕೊಡದೆ ಇದ್ದರೆ, ರೈತ ಬೈಯುವುದು ಸೆಕ್ರೆಟರಿಯನ್ನೇ. "ನೀನು ಹೇಳ್ದೆ ಅಂತ ಹೋದೆ ನೋಡು" ಅನ್ನೋ ಮಾತು ಊರಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಒಂದು ರೂಪಾಯಿ ಲಾಭವಿಲ್ಲದೆ ತನ್ನ ಹೆಸರನ್ನು ಅಡ ಇಟ್ಟವರಿಗೆ ಮೋಟಾರ್ ರಿಪೇರಿಯವನು ಏನು ಕೊಡಬೇಕು?

ಬಹಳ ಮಂದಿ ಎರಡರಲ್ಲಿ ಒಂದು ಮಾಡ್ತಾರೆ. ಒಂದೋ ಏನೂ ಇಲ್ಲ, ಸಿಕ್ಕಾಗ ಒಂದು ನಗು ಅಷ್ಟೇ. ಇಲ್ಲಾಂದ್ರೆ ಜೇಬಿಗೆ ಐನೂರರ ನೋಟು. ನನ್ನ ಪ್ರಕಾರ ಎರಡೂ ಸರಿ ಇಲ್ಲ. ಕಳಿಸಿದವರಿಗೆ ಬೇಕಾಗಿರುವುದು ಸುದ್ದಿ. ಗಿರಾಕಿ ಬಂದನಾ, ಕೆಲಸ ಏನಾಯ್ತು, ಈಗ ನೀರು ಬರ್ತಾ ಇದೆಯಾ? ಇದನ್ನು ಕೆಲಸ ಮಾಡಿದವನೇ ಹೇಳಬೇಕು. ಥ್ಯಾಂಕ್ಸ್ ಆ ಸುದ್ದಿಯ ಜೊತೆಗೇ ಹೋಗುತ್ತೆ.

"ಗಿರಾಕಿನೇ ಹೇಳ್ತಾನಲ್ಲ, ನಾನ್ಯಾಕೆ ಹೇಳಬೇಕು?" ಅಂತ ಕೇಳುವವರಿದ್ದಾರೆ. ಹೌದು, ಹೇಳ್ತಾನೆ, ಅದಕ್ಕೇ ನೀವು ಮೊದಲು ಹೇಳಬೇಕು. ಡೈರಿ ವಿಷಯದಲ್ಲಿ ಲೆಕ್ಕ ಬಹಳ ಸರಳ. ಹಾಲು ದಿನಕ್ಕೆ ಎರಡು ಸಲ. ಸಂಜೆ ಮೋಟಾರ್ ಬಿಟ್ಟರೆ, ಮರುದಿನ ಬೆಳಿಗ್ಗೆ ಆರೂವರೆಗೆ ಆ ರೈತ ಕ್ಯಾನ್ ಹಿಡಿದು ಸೆಕ್ರೆಟರಿ ಎದುರಿಗೆ ನಿಂತಿರ್ತಾನೆ. ನಿಮ್ಮ ಸುದ್ದಿ ಅದಕ್ಕೆ ಮೊದಲೇ ತಲುಪಿದ್ದರೆ ಸೆಕ್ರೆಟರಿಯೇ ಕೇಳ್ತಾರೆ: "ನೀರು ಬಂತಂತಲ್ಲ?" ತಲುಪದೆ ಇದ್ದರೆ, ಅವರಿಗೆ ಸಿಗೋದು ರೈತನ ಮಾತು ಮಾತ್ರ. ಕೆಲಸ ಒಂದು ದಿನ ತಡವಾಗಿದ್ದರೆ ರೈತನ ಬಾಯಲ್ಲಿ ಅದು "ಒಂದು ವಾರ ಸತಾಯಿಸಿದ" ಅಂತ ಆಗಿರುತ್ತೆ.

ಒಬ್ಬ ರಿವೈಂಡಿಂಗ್ ಹುಡುಗ ಇದನ್ನು ಹೇಗೆ ಮಾಡ್ತಾನೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಅವನ ಒಂದು ಕೆಲಸವನ್ನೇ ತಗೊಳ್ಳೋಣ. ಐದು ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರ್, ಟೊಮೆಟೊ ಕಾಯಿ ಹಿಡಿದ ಹೊತ್ತು. ಸೋಮವಾರ ಮೋಟಾರ್ ಅಂಗಡಿಗೆ ಬಂತು. ಬಂದ ಅರ್ಧ ಗಂಟೆಯಲ್ಲಿ ಅವನು ಸೆಕ್ರೆಟರಿಗೆ ಫೋನ್ ಮಾಡಿದ: "ಅಣ್ಣ, ಕೆರೆ ಹಿಂದಿನ ತೋಟದವರು ನಿಮ್ಮ ಹೆಸರು ಹೇಳ್ಕೊಂಡು ಬಂದವ್ರೆ. ಬಿಚ್ಚಿ ನೋಡ್ತೀನಿ. ಗುರುವಾರ ಬಿಟ್ಟುಕೊಡ್ತೀನಿ ಅಂದಿದೀನಿ." ಒಂದು ನಿಮಿಷವೂ ಆಗಲಿಲ್ಲ. ಈ ಮೊದಲ ಫೋನಿನಲ್ಲಿ ಉಪಕಾರ ಅಂತ ಉದ್ದಕ್ಕೆ ಹೇಳುವ ಅಗತ್ಯವಿಲ್ಲ. ಗಿರಾಕಿ ತಲುಪಿದ್ದಾರೆ, ದಿನ ಕೊಟ್ಟಿದ್ದೇನೆ, ಇಷ್ಟು ಸಾಕು. ದಿನವನ್ನು ಕಳಿಸಿದವರಿಗೂ ಹೇಳಿದ ಮೇಲೆ ಅದನ್ನು ಮುರಿಯೋದು ಕಷ್ಟ, ಅದೂ ಒಳ್ಳೆಯದೇ.

ಆದರೂ ಮುರಿಯಿತು. ವೈಂಡಿಂಗ್ ವೈರ್ ಬರೋದು ತಡವಾಗಿ ಕೆಲಸ ಶುಕ್ರವಾರಕ್ಕೆ ಹೋಯ್ತು. ಗುರುವಾರ ಬೆಳಿಗ್ಗೆಯೇ ರೈತನಿಗೂ ಸೆಕ್ರೆಟರಿಗೂ ಹೇಳಿದ. ಶುಕ್ರವಾರ ಸಂಜೆ ಮೋಟಾರ್ ಬಿಟ್ಟ ಮೇಲೆ ತೋಟದಿಂದಲೇ ಎರಡನೇ ಫೋನ್: "ಅಣ್ಣ, ಬಿಟ್ಟಾಯ್ತು. ಪೈಪ್ ತುಂಬ ನೀರು ಬಂತು, ಆಂಪ್ಸ್ ಪ್ಲೇಟಿನಲ್ಲಿ ಬರೆದಷ್ಟೇ ತೋರಿಸ್ತಾ ಇದೆ. ನೀವು ಹೇಳಿದ್ದಕ್ಕೆ ಈ ಕೆಲಸ ಸಿಕ್ತು, ಬಹಳ ಉಪಕಾರ ಆಯ್ತು." ಆಂಪ್ಸ್ ಯಾಕೆ ಹೇಳಿದ ಅಂದ್ರೆ, ನೀರು ಬಂದ ಮಾತ್ರಕ್ಕೆ ಕೆಲಸ ಸರಿಯಾಗಿದೆ ಅಂತ ಅಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಮೀಟರಿನಲ್ಲಿ ಮುಳ್ಳು ಮೋಟಾರಿನ ಪ್ಲೇಟಿನಲ್ಲಿರುವುದಕ್ಕಿಂತ ಮೇಲೆ ನಿಂತಿದ್ದರೆ ಮೋಟಾರ್ ಕಷ್ಟಪಟ್ಟು ಓಡ್ತಾ ಇದೆ ಅಂತ ಅರ್ಥ. ಡೈರಿಗೆ ಬರುವ ರೈತರಿಗೆಲ್ಲ ಈ ಮಾತು ಗೊತ್ತು, ಸೆಕ್ರೆಟರಿಗೂ ಗೊತ್ತು. "ಚೆನ್ನಾಗಿ ಆಯ್ತು" ಅನ್ನೋದಕ್ಕಿಂತ ಈ ಒಂದು ಗುರುತಿಗೆ ಬೆಲೆ ಹೆಚ್ಚು.

ನಿಜವಾದ ಪರೀಕ್ಷೆ ಬಂದದ್ದು ಇಪ್ಪತ್ತು ದಿನ ಆದ ಮೇಲೆ. ಅದೇ ಮೋಟಾರ್ ಮತ್ತೆ ಸುಟ್ಟಿತು.

ಇಂಥ ಹೊತ್ತಿನಲ್ಲಿ ಫೋನ್ ಮಾಡಬೇಕಾದವರು ಮಾಡುವುದಿಲ್ಲ. ಒಳ್ಳೆ ಸುದ್ದಿ ಎಲ್ಲರೂ ಹೇಳ್ತಾರೆ. ಈ ಹುಡುಗ ಮೊದಲು ಮೋಟಾರ್ ಬಿಚ್ಚಿ ನೋಡಿದ. ಕೆಲವು ಕಾಯಿಲ್ ಪೂರ್ತಿ ಕರಗಿದ್ದವು, ಉಳಿದವು ಕಟ್ಟಿದ ದಿನದ ಹಾಗೇ ಇದ್ದವು. ಹೀಗೆ ಕಂಡರೆ ಸಾಮಾನ್ಯವಾಗಿ ಒಂದು ಫೇಸ್ ತಪ್ಪಿದಾಗ ಮೋಟಾರ್ ಓಡಿದೆ ಅಂತ ಅರ್ಥ. ಕಟ್ಟಿದ್ದೇ ಕೆಟ್ಟದಾಗಿದ್ದರೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಸುಟ್ಟ ಗುರುತು ಇರುತ್ತೆ. ತೋಟದಲ್ಲಿ ಸ್ಟಾರ್ಟರ್ ಆಟೋಗೆ ಹಾಕಿಟ್ಟಿದ್ದರು. ರಾತ್ರಿ ಕರೆಂಟ್ ಬಂದಾಗ ಎದ್ದು ಹೋಗೋಕೆ ಯಾರಿಗೂ ಆಗಲ್ಲ, ಹಾಗಾಗಿ ಆಟೋ ಎಲ್ಲ ತೋಟದಲ್ಲೂ ಇದೆ. ಮೂರು ಫೇಸ್ ಬಂದಿದೆಯಾ ಇಲ್ಲವಾ ಅಂತ ನೋಡಿ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಮಾತ್ರ ಆ ಪೆಟ್ಟಿಗೆಯಲ್ಲಿ ಇರಲಿಲ್ಲ.

ತಪ್ಪು ತನ್ನದಲ್ಲ ಅಂತ ಗೊತ್ತಾದ ಮೇಲೂ ಅವನು ಸೆಕ್ರೆಟರಿ ಮುಂದೆ "ನೀವು ಕಳಿಸಿದೋರು ಆಟೋಗೆ ಹಾಕಿಟ್ಟು ಸುಟ್ಕೊಂಡ್ರು" ಅನ್ನಲಿಲ್ಲ. ಅಂದಿದ್ದರೆ ಆ ಮಾತು ಸಂಜೆಯೊಳಗೆ ರೈತನ ಕಿವಿಗೆ ಬಿದ್ದು, ಡೈರಿಯಲ್ಲಿ ಜಗಳ ಆಗ್ತಿತ್ತು. ಈ ಸಲ ಫೋನ್ ಬಿಟ್ಟು, ಹಾಲು ಅಳೆದು ಮುಗಿದ ಮೇಲೆ ತಾನೇ ಡೈರಿಗೆ ಹೋದ. "ಅಣ್ಣ, ಆ ಮೋಟಾರ್ ಮತ್ತೆ ಸುಟ್ಟಿದೆ. ಕರೆಂಟಿನಲ್ಲಿ ಒಂದು ಫೇಸ್ ಹೋಗಿ ಆಗಿರೋದು, ಬಿಚ್ಚಿ ಅವರಿಗೂ ತೋರಿಸಿದೀನಿ. ಕೂಲಿ ಬೇಡ ಅಂದೆ, ವೈರಿನ ದುಡ್ಡು ಅವರೇ ಕೊಡ್ತಾರೆ. ಪ್ರಿವೆಂಟರ್ ಹಾಕಿಸಿದ ಮೇಲೇ ಬಿಡ್ತೀನಿ ಅಂತ ಹೇಳಿದೀನಿ." ಏನಾಯ್ತು, ಯಾಕಾಯ್ತು, ಈಗ ಏನು ಮಾಡ್ತೀನಿ, ಎಲ್ಲ ಇದರಲ್ಲೇ ಬಂತು. ರೈತನಿಗೆ ಹೇಳಿದ್ದನ್ನೇ ಸೆಕ್ರೆಟರಿಗೂ ಹೇಳಿದ್ದರಿಂದ ಮರುದಿನ ಇಬ್ಬರೂ ಎದುರಾದಾಗ ಎರಡು ಕತೆ ಹುಟ್ಟಲಿಲ್ಲ. ಕೂಲಿ ಬಿಟ್ಟಿದ್ದು ಅವನ ಇಷ್ಟ. ಎಲ್ಲರೂ ಬಿಡಬೇಕು ಅಂತ ನಾನು ಹೇಳಲ್ಲ. ಎರಡು ದಿನದ ದುಡಿಮೆ ಅದು.

ಸುದ್ದಿ ಹೇಳುವಾಗ ಬಾಯಿಗೆ ಬರಬಾರದ ಒಂದು ವಿಷಯವೂ ಇದೆ, ಗಿರಾಕಿಯ ದುಡ್ಡಿನ ಕತೆ. ಬಿಲ್ ಎಷ್ಟಾಯ್ತು, ಎಷ್ಟು ಬಾಕಿ ಇಟ್ಟರು ಅನ್ನೋದು ಕಳಿಸಿದವರಿಗೆ ಸಂಬಂಧವಿಲ್ಲ. ಡೈರಿ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ, ಯಾಕಂದ್ರೆ ಹಾಲಿನ ಬಟವಾಡೆಯ ಲೆಕ್ಕ ಸೆಕ್ರೆಟರಿ ಕೈಯಲ್ಲೇ ಇರುತ್ತೆ. "ನೀವೇ ಕಳಿಸಿದ್ರಲ್ಲ, ಅವರ ಹಾಲಿನ ದುಡ್ಡಲ್ಲಿ ನನ್ನ ಬಾಕಿ ಹಿಡ್ಕೊಂಡು ಕೊಡಿ" ಅಂತ ಕೇಳುವವರನ್ನು ನೋಡಿದ್ದೇನೆ. ಉಪಕಾರ ಮಾಡಿದವರನ್ನು ವಸೂಲಿಗೆ ನಿಲ್ಲಿಸೋದು ಅಂದ್ರೆ ಇದೇ. ರೈತ ಹೆಂಡತಿಗೂ ಹೇಳದೆ ಬಾಕಿ ಇಟ್ಟಿರಬಹುದು, ಹಾಲು ಹಾಕೋಕೆ ಬರುವವರು ಆ ಹೆಂಡತಿಯೇ ಆಗಿರಬಹುದು. ಬಾಕಿ ಇದ್ದರೆ ನೇರವಾಗಿ ಅವರ ಮನೆ ಬಾಗಿಲಿಗೆ ಹೋಗಿ ಕೇಳಿ.

ಇನ್ನು ಕಮಿಷನ್ ಮಾತು. ದನದ ಜಾತ್ರೆಯಲ್ಲಿ ದಲ್ಲಾಳಿಗೆ ದುಡ್ಡು ಕೊಡ್ತೀವಿ, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸಿದವನಿಗೆ ಅದು ಕೂಲಿ. ಕೊಡುವವನಿಗೂ ಕೊಳ್ಳುವವನಿಗೂ ಅವನು ದಲ್ಲಾಳಿ ಅಂತ ಗೊತ್ತಿರುತ್ತೆ, ತಪ್ಪೇನಿಲ್ಲ. ಸೆಕ್ರೆಟರಿ ದಲ್ಲಾಳಿ ಅಲ್ಲ. ರೈತ ಅವರನ್ನು ಕೇಳಿದ್ದೇ ಅವರಿಗೆ ಇದರಲ್ಲಿ ಏನೂ ಸಿಗಲ್ಲ ಅಂತ. ಒಂದು ಮೋಟಾರಿಗೆ ಐನೂರು ಕೊಟ್ಟರೆ ಮುಂದಿನ ಮೋಟಾರಿಗೂ ಕೊಡಬೇಕಾಗುತ್ತೆ, ಆ ಐನೂರು ಕೊನೆಗೆ ರೈತನ ಬಿಲ್ಲಿನಲ್ಲೇ ಸೇರುತ್ತೆ. ಇನ್ನೊಬ್ಬ ರಿಪೇರಿಯವನು ಏಳುನೂರು ಕೊಟ್ಟ ದಿನ ಗಿರಾಕಿಗಳು ಆ ಕಡೆ ತಿರುಗ್ತಾರೆ. ಸಹಕಾರ ಸಂಘದ ಮೋಟಾರನ್ನು ಪುಕ್ಕಟೆ ರಿಪೇರಿ ಮಾಡಿಕೊಡ್ತೀನಿ ಅನ್ನೋದೂ ಇದೇ ದಾರಿ. ಸಂಘದ ಕೆಲಸಕ್ಕೆ ಸಂಘದ ಹೆಸರಿಗೆ ಸರಿಯಾದ ಬಿಲ್ ಕೊಡಿ. ಏನಾದರೂ ಕೊಡಲೇಬೇಕು ಅನ್ನಿಸಿದರೆ ಆಯುಧ ಪೂಜೆಗೆ ಅಂಗಡಿಗೆ ಕರೆಯಿರಿ. ಪುರಿ, ಬಾಳೆಹಣ್ಣು, ಸ್ವೀಟು ಕೊಟ್ಟು ಕಳಿಸಿ. ಎಲ್ಲರೆದುರಿಗೆ ಕೊಡುವ ಪ್ರಸಾದಕ್ಕೆ ಯಾರೂ ಬೇರೆ ಅರ್ಥ ಕಟ್ಟಲ್ಲ.

ಕೆಲಸ ಆಗದೆ ಹೋದಾಗಲೂ ಸುದ್ದಿ ಹೇಳಬೇಕು, ಇದನ್ನು ಮರೆಯುವವರೇ ಹೆಚ್ಚು. ಈ ಹುಡುಗನ ಹತ್ತಿರ ಮೋಟಾರ್ ಎತ್ತುವ ಗಾಡಿ ಇಲ್ಲ. ಆಳದ ಬೋರಿನಿಂದ ದೊಡ್ಡ ಮೋಟಾರ್ ಎತ್ತಬೇಕಾದ ಗಿರಾಕಿಯೊಬ್ಬರನ್ನು ಸೆಕ್ರೆಟರಿ ಕಳಿಸಿದ್ದರು. ಅವನು ಅವರನ್ನು ಗಾಡಿ ಇರುವವರ ಹತ್ತಿರ ಕಳಿಸಿ, ಸೆಕ್ರೆಟರಿಗೆ ಹೇಳಿದ: "ಅಣ್ಣ, ಅದು ನನ್ನ ಕೈಲಿ ಆಗೋ ಕೆಲಸ ಅಲ್ಲ. ಎತ್ತಿ ತಂದುಕೊಟ್ರೆ ಕಟ್ಟಿಕೊಡ್ತೀನಿ." ಆಮೇಲೆ ಸೆಕ್ರೆಟರಿ ಗಿರಾಕಿಗಳಿಗೆ ಮೊದಲೇ ಕೇಳಿ ಕಳಿಸ್ತಾರೆ. ರೇಟು ಹೊಂದದೆ ವಾಪಸ್ ಹೋದವರ ಬಗ್ಗೆ "ಬಂದಿದ್ರು, ಈ ಸಲ ಹೊಂದಲಿಲ್ಲ" ಅಂದರೆ ಸಾಕು. ಅದಕ್ಕಿಂತ ಹೆಚ್ಚು ಅಂದರೆ ಚಾಡಿ ಆಗುತ್ತೆ.

ಹೀಗೆ ಸುದ್ದಿ ಹೇಳ್ತಾ ಎಷ್ಟು ದಿನ ಹೋಗೋದು? ಬಂದ ದಿನ ಒಂದು, ಮುಗಿದ ದಿನ ಒಂದು, ನಡುವೆ ಏನಾದರೂ ಕೆಟ್ಟರೆ ಒಂದು. ಅಲ್ಲಿಗೆ ಸಾಕು. ಆಮೇಲೆ ಆ ರೈತ ನಿಮ್ಮ ಗಿರಾಕಿ. ಮುಂದಿನ ಬೇಸಿಗೆಯಲ್ಲಿ ಅವರೇ ತಮ್ಮ ಭಾವಮೈದುನನ ಮೋಟಾರ್ ಕಳಿಸಿದರೆ, ಫೋನ್ ಹೋಗಬೇಕಾದದ್ದು ಡೈರಿಗಲ್ಲ, ಕೆರೆ ಹಿಂದಿನ ತೋಟಕ್ಕೆ.