ಮೂರು ರೂಪಾಯಿಯ ಪಾಲು

ಭಾನುವಾರ ಸಂಜೆ ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು ಕರವಸ್ತ್ರದ ಪುಟ್ಟ ಗಂಟೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಗಂಟು ಬಿಚ್ಚಿದಾಗ ಮೇಜಿನ ಮೇಲೆ ಉರುಳಿದುವು ಮೂರು ಬೆಳ್ಳಿಯ ರೂಪಾಯಿಗಳು. ಮೂರೂ ಐದನೆಯ ಜಾರ್ಜ್ ದೊರೆಯ ಕಾಲದವು.

"ನಮ್ಮ ತಾಯಿಯವರ ಪೆಟ್ಟಿಗೆಯಲ್ಲಿದ್ದುವು, ರಾಯರೆ. ಅಕ್ಕನಿಗೆ ಒಂದು, ನನಗೆ ಒಂದು, ತಮ್ಮನಿಗೆ ಒಂದು ಎಂದು ಹಂಚಿಕೊಂಡೆವು. ರೂಪಾಯಿಗೆ ರೂಪಾಯಿ ಸಮವಲ್ಲವೆ? ಆದರೆ ಈಗ ತಮ್ಮ ಮುನಿಸಿಕೊಂಡು ಕುಳಿತಿದ್ದಾನೆ. ಅಕ್ಕನದು ಥಳಥಳ ಹೊಳೆಯುತ್ತದೆ, ತನ್ನದು ಕರಿಯ ಬಿಲ್ಲೆ ಎನ್ನುತ್ತಾನೆ. ನಾಳೆ ಅದನ್ನು ಹುಣಸೆಹಣ್ಣಿನಲ್ಲಿ ತೊಳೆಯುವವನಿದ್ದ. ನಾನೇ ತಡೆದು ತಂದೆ."

"ಬಹಳ ಒಳ್ಳೆಯ ಕೆಲಸ ಮಾಡಿದಿರಿ" ಎಂದೆ. ಅದು ಬರಿಯ ಉಪಚಾರದ ಮಾತಾಗಿರಲಿಲ್ಲ. ಅಕ್ಕನ ನಾಣ್ಯದಲ್ಲಿ 1911ನೆಯ ಇಸವಿ ಇತ್ತು. ಅದು ಹೊಸ ಬೆಳ್ಳಿಯ ಬಟ್ಟಲಿನಂತೆ ಬೆಳ್ಳಗಿತ್ತು. ಉಪಾಧ್ಯಾಯರದೂ 1911ರದೆ, ಸವೆದು ಬೂದುಬಣ್ಣಕ್ಕೆ ತಿರುಗಿತ್ತು. ತಮ್ಮನದು 1918ರದು, ಅಂಚಿನ ಸುತ್ತ ನೀಲಿಗಪ್ಪು, ನಡುವೆ ಹೊಂಬಣ್ಣದ ಮಬ್ಬು. ಈ ಮೂರನ್ನು ತೂಗಿ ನೋಡಿದರೆ ಹಳೆಯ ನಾಣ್ಯದ ಬೆಲೆ ಯಾವುದರಿಂದ ಏರುತ್ತದೆ, ಯಾವುದರಿಂದ ಇಳಿಯುತ್ತದೆ ಎಂಬುದೆಲ್ಲ ತಿಳಿಯುತ್ತದೆ. ಆದುದರಿಂದ ಆ ಸಂಜೆ ನಡೆದುದನ್ನೇ ವಾಚಕರ ಮುಂದಿಡುತ್ತೇನೆ.

ಮೊದಲು ತಳದ ಬೆಲೆ. ಈ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ನಮ್ಮ ಹಿರಿಯರ ಒಂದು ತೊಲ. ಅದರಲ್ಲಿ ಸಾವಿರಕ್ಕೆ 917 ಪಾಲು ಬೆಳ್ಳಿ, ಉಳಿದುದು ಬೆರಕೆ ಲೋಹ. ಎಂದರೆ ಹತ್ತೂವರೆ ಗ್ರಾಂಗಿಂತ ತುಸು ಹೆಚ್ಚು ಶುದ್ಧ ಬೆಳ್ಳಿ. ಅಂದಿನ ಬೆಳ್ಳಿಯ ದರದಿಂದ ಇದನ್ನು ಗುಣಿಸಿದರೆ ಬರುವ ಮೊತ್ತಕ್ಕಿಂತ ಕಡಮೆಗೆ ಇಂಥ ನಾಣ್ಯವನ್ನು ಯಾರೂ ಕೊಡಬೇಕಾಗಿಲ್ಲ. ಅದರ ಮೇಲೆ ಎಷ್ಟು ಎಂಬುದನ್ನು ನಿರ್ಧರಿಸುವುದು ಸ್ಥಿತಿ ಮತ್ತು ವಿರಳತೆ.

ಸ್ಥಿತಿಯನ್ನು ಹೇಳಲು ಸಂಗ್ರಹಕಾರರು ಇಂಗ್ಲಿಷಿನಿಂದ ಬಂದ ಕೆಲವು ದರ್ಜೆಗಳನ್ನು ಬಳಸುತ್ತಾರೆ. ಅವುಗಳ ಹೆಸರಿಗೆ ಮರುಳಾಗಬಾರದು. 'ಗುಡ್' ಎಂದರೆ ಒಳ್ಳೆಯದೆಂದು ತಿಳಿದೀರಿ! ದೊರೆಯ ಮುಖದ ಹೊರಗೆರೆಯಷ್ಟೇ ಉಳಿದು, ಒಳಗಿನ ವಿವರಗಳೆಲ್ಲ ಅಳಿಸಿಹೋದ ನಾಣ್ಯಕ್ಕೆ ಆ ಹೆಸರು. 'ಫೈನ್' ಎಂದರೆ ಎಲ್ಲೆಡೆಯೂ ಸವೆತವಿದ್ದು ಮುಖ್ಯವಾದ ಗೆರೆಗಳು ಉಳಿದಿರುವುದು. 'ವೆರಿ ಫೈನ್', 'ಎಕ್ಸ್‌ಟ್ರೀಮ್‌ಲಿ ಫೈನ್' ಎಂದು ಮೇಲೇರುತ್ತ ಹೋದರೆ, ಸವೆತವೇ ಕಾಣದ ನಾಣ್ಯ 'ಅನ್‌ಸರ್ಕ್ಯುಲೇಟೆಡ್', ಎಂದರೆ ಚಲಾವಣೆಯಲ್ಲಿ ಕೈಯಿಂದ ಕೈಗೆ ತಿರುಗದಿರುವುದು. 1949ರಲ್ಲಿ ಅಮೆರಿಕದ ವಿಲಿಯಂ ಷೆಲ್ಡನ್ ಎಂಬವರು ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರ ವರೆಗೆ ಅಂಕ ಕೊಡುವ ಕ್ರಮವನ್ನು ತಂದರು. 70 ಅಂಕದ ನಾಣ್ಯಕ್ಕೆ 1 ಅಂಕದ ನಾಣ್ಯದ ಎಪ್ಪತ್ತರಷ್ಟು ಬೆಲೆ ಎಂಬುದು ಅವರ ಎಣಿಕೆ. ಆ ಲೆಕ್ಕ ಬಹುಕಾಲ ನಿಲ್ಲಲಿಲ್ಲ. ಅಂಕಗಳು ಮಾತ್ರ ಉಳಿದು, ಇಂದು ನಾಣ್ಯಗಳನ್ನು ಪರೀಕ್ಷಿಸಿ ಡಬ್ಬಿಯಲ್ಲಿ ಮುದ್ರೆಮಾಡಿ ಕೊಡುವ ಸಂಸ್ಥೆಗಳೆಲ್ಲ ಅವುಗಳನ್ನೇ ಬಳಸುತ್ತವೆ.

ಮೇಜಿನ ದೀಪವನ್ನು ಹತ್ತಿರಕ್ಕೆಳೆದು, ಭೂತಗನ್ನಡಿಯನ್ನು ತಂದೆ. ನಾಣ್ಯವನ್ನು ಹಿಡಿಯುವುದಕ್ಕೂ ಒಂದು ರೀತಿಯುಂಟು. ಎರಡು ಬೆರಳುಗಳಿಂದ ಅಂಚನ್ನು ಮಾತ್ರ ಹಿಡಿಯಬೇಕು. ಬೆರಳಿನ ಬೆವರು ಮುಖಕ್ಕೆ ತಗುಲಿದರೆ ಆ ಗುರುತು ಕೆಲವು ತಿಂಗಳಲ್ಲಿ ಕಪ್ಪು ಕಲೆಯಾಗಿ ನಿಲ್ಲುತ್ತದೆ.

ಮೊದಲು ತಮ್ಮನ ಕರಿಯ ನಾಣ್ಯವನ್ನೇ ಎತ್ತಿಕೊಂಡೆ. ಸವೆತ ಮೊದಲು ತಗಲುವುದು ನಾಣ್ಯದ ಅತಿ ಎತ್ತರದ ಭಾಗಗಳಿಗೆ. ಈ ರೂಪಾಯಿಯಲ್ಲಿ ದೊರೆಯ ಹುಬ್ಬು, ಕಿವಿ, ಮೀಸೆ, ಕಿರೀಟದ ಮಣಿಗಳು, ಮೇಲಂಗಿಯ ಕಸೂತಿ ಇವೇ ಮೊದಲು ನೋಡಬೇಕಾದ ತಾಣಗಳು. ತಮ್ಮನ ನಾಣ್ಯದಲ್ಲಿ ಮಣಿಮಣಿಯೂ ಬಿಡಿಬಿಡಿಯಾಗಿ ಎದ್ದು ಕಾಣುತ್ತಿತ್ತು. ದೀಪದ ಕೆಳಗೆ ಅದನ್ನು ಮೆಲ್ಲನೆ ಓರೆಮಾಡಿ ತಿರುಗಿಸಿದೆ. ಆ ಕಪ್ಪಿನ ಒಳಗಿನಿಂದಲೇ ಬೆಳಕು ಗಾಡಿಯ ಚಕ್ರದ ಅರೆಕಾಲುಗಳಂತೆ ಸುತ್ತತೊಡಗಿತು!

"ಇದೇನು ವಿಚಿತ್ರ?" ಎಂದರು ಉಪಾಧ್ಯಾಯರು.

ವಿಚಿತ್ರವೇನೂ ಅಲ್ಲ. ಟಂಕಸಾಲೆಯಲ್ಲಿ ಅಚ್ಚು ಭಾರಿ ಒತ್ತಡದಿಂದ ಬಿಲ್ಲೆಯ ಮೇಲೆ ಬಿದ್ದಾಗ ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಅತಿ ಸೂಕ್ಷ್ಮ ಗೆರೆಗಳು ಮೇಲ್ಮೈಯಲ್ಲಿ ಉಳಿಯುತ್ತವೆ. ಬೆಳಕನ್ನು ಹೀಗೆ ಸುತ್ತಿಸುವುವು ಆ ಗೆರೆಗಳೇ. ಜೇಬಿನ ತಿಕ್ಕಾಟಕ್ಕೆ ಎತ್ತರದ ಜಾಗಗಳಲ್ಲಿ ಮೊದಲು ಅವು ನಶಿಸುತ್ತವೆ. ಒಮ್ಮೆ ನಶಿಸಿದರೆ ಯಾವ ಉಪಾಯದಿಂದಲೂ ಮತ್ತೆ ಬಾರವು. ಕೆಲವು ನಾಣ್ಯಗಳಲ್ಲಿ ಹುಬ್ಬು ಚಪ್ಪಟೆಯಾಗಿದ್ದರೂ ಅದರ ಮೇಲೆ ಈ ಬೆಳಕು ಆಡುತ್ತಿರುತ್ತದೆ. ಅಲ್ಲಿ ಸವೆತವಿಲ್ಲ, ಅಚ್ಚು ಸರಿಯಾಗಿ ಒತ್ತಿಲ್ಲ ಎಂದರ್ಥ. ಇನ್ನು ಆ ಕಪ್ಪು, ಗಾಳಿಯಲ್ಲಿನ ಗಂಧಕದ ಅಂಶ ಬೆಳ್ಳಿಯೊಡನೆ ಕೂಡಿ ಮೂಡಿದ ತೆಳುಪೊರೆ. ಅದು ಹಾನಿಯಲ್ಲ. ಕೈಯಾಡದೆ ನಾಣ್ಯ ಹಾಗೆಯೇ ಉಳಿದುದಕ್ಕೆ ಅದೊಂದು ಸಾಕ್ಷಿ.

ಅನಂತರ ಅಕ್ಕನ ನಾಣ್ಯ. ಕಿರೀಟದ ಮಣಿಗಳು ಇಲ್ಲಿಯೂ ಸ್ಫುಟವಾಗಿದ್ದುವು. ಆದರೆ ಓರೆಮಾಡಿ ತಿರುಗಿಸಿದರೆ ಚಕ್ರ ಸುತ್ತಲಿಲ್ಲ. ಇಡೀ ಮುಖ ತಗಡಿನಂತೆ ಒಂದೇ ಸಮನೆ ಮಿನುಗಿತು. ಭೂತಗನ್ನಡಿಯ ಕೆಳಗೆ ದೊರೆಯ ಮುಖದ ಎದುರಿನ ಬಯಲಿನಲ್ಲಿ ಕೂದಲೆಳೆಯಂಥ ಗೀರುಗಳು ಸಾಲುಸಾಲಾಗಿ ಕಂಡುವು. ಅಕ್ಷರಗಳ ಸಂದಿಗಳಲ್ಲಿ ಮಾತ್ರ ಕಪ್ಪು ಕುಳಿತಿತ್ತು. ಉಜ್ಜುವ ಬೆರಳು ಅಲ್ಲಿಗೆ ಮುಟ್ಟುವುದಿಲ್ಲವಷ್ಟೆ.

"ಇದನ್ನು ಯಾರೋ ವಿಭೂತಿಯಿಂದ ಉಜ್ಜಿದ್ದಾರೆ" ಎಂದೆ.

ಉಪಾಧ್ಯಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಕ್ಕನೇ. ಪ್ರತಿವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಉಜ್ಜಿ ಕಲಶದ ಮುಂದೆ ಇಡುತ್ತಾಳೆ."

ವಿಭೂತಿಯಾಗಲಿ, ಒಲೆಯ ಬೂದಿಯಾಗಲಿ, ಹಲ್ಲುಜ್ಜುವ ಪುಡಿಯಾಗಲಿ, ಬೆಳ್ಳಿಯ ಪಾತ್ರೆಗೆ ಹೊಳಪು ಕೊಡುವುದು ಅದರ ಮೇಲ್ಮೈಯನ್ನು ತುಸುತುಸುವೇ ಕೆರೆದು. ಪಾತ್ರೆಗೆ ಅದರಿಂದ ನಷ್ಟವಿಲ್ಲ. ನಾಣ್ಯಕ್ಕಾದರೋ ಮೇಲ್ಮೈಯೇ ಸರ್ವಸ್ವ. ಉಜ್ಜದೆ ದ್ರಾವಣದಲ್ಲಿ ಅದ್ದಿ ತೆಗೆಯುವವರೂ ಉಂಟು. ಅದರಿಂದ ಗೀರು ಬೀಳದಿದ್ದರೂ, ಕಪ್ಪಿನೊಡನೆ ಬೆಳ್ಳಿಯ ತೆಳುಪದರವೂ ಕರಗುತ್ತದೆ. ಮತ್ತೆ ಮತ್ತೆ ಅದ್ದಿದರೆ ಆ ಸೂಕ್ಷ್ಮ ಗೆರೆಗಳು ಅಳಿದು ನಾಣ್ಯ ನಿರ್ಜೀವವಾಗುತ್ತದೆ. ಜಿಡ್ಡು, ಧೂಳುಗಳಿದ್ದರೆ ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಯಿಟ್ಟು, ಒರಸದೆ ಮೆತ್ತನೆಯ ಬಟ್ಟೆಯ ಮೇಲೆ ಆರಗೊಡಬಹುದು. ಅದಕ್ಕಿಂತ ಮುಂದೆ ಹೋಗದಿರುವುದೇ ಲೇಸು. ತೊಳೆದು ಉಜ್ಜಿದ ನಾಣ್ಯಕ್ಕೆ ವ್ಯಾಪಾರಿ ಅದರ ವಿವರಗಳಿಗೆ ತಕ್ಕ ಬೆಲೆ ಕೊಡುವುದಿಲ್ಲ. ಒಂದೆರಡು ದರ್ಜೆ ಕೆಳಗಿಳಿಸಿಯೇ ಕೇಳುತ್ತಾನೆ. ಮುದ್ರೆಮಾಡಿ ಕೊಡುವ ಸಂಸ್ಥೆಗಳು ಅಂಥದಕ್ಕೆ ಅಂಕವನ್ನೇ ಕೊಡದೆ 'ತೊಳೆದದ್ದು' ಎಂದು ಬರೆದುಬಿಡುವುದುಂಟು.

"ನನ್ನದಂತೂ ಸವೆದೇ ಹೋಗಿದೆ" ಎಂದು ಉಪಾಧ್ಯಾಯರು ತಮ್ಮದನ್ನು ಮುಂದಕ್ಕೆ ತಳ್ಳಿದರು. ನಿಜ, ಕಿವಿ ಹುಬ್ಬುಗಳೆಲ್ಲ ನುಣುಪಾಗಿದ್ದುವು. 'ಫೈನ್' ಎಂಬುದಕ್ಕಿಂತ ಮೇಲೆ ಹೇಳಲಾರೆ. ಆದರೆ ಇದರ ಇಸವಿಗೆ ಒಂದು ಕಥೆಯಿದೆ. 1911ರಲ್ಲಿ ಹೊಸ ದೊರೆಯ ರೂಪಾಯಿ ಬಂದಾಗ, ಶಿಲ್ಪಿ ಬರ್ಟ್ರಂ ಮೆಕೆನಲ್ ಕೆತ್ತಿದ ಮೇಲಂಗಿಯ ಸರದಲ್ಲಿ ಆನೆಯ ಚಿತ್ರವೊಂದಿತ್ತು. ಅದರ ಸೊಂಡಿಲು ತೀರ ಗಿಡ್ಡ. ಜನ ನೋಡಿ "ಇದು ಆನೆಯಲ್ಲ, ಹಂದಿ" ಎಂದರು. ಮುಸಲ್ಮಾನರಿಗೆ ಅದು ಸಹಿಸಲಾಗದ ಮಾತಾಯಿತು. ಗಲಭೆಯ ಭಯ ಹುಟ್ಟಿತು. ಅಚ್ಚಾಗಿದ್ದ ಸುಮಾರು 94 ಲಕ್ಷ ರೂಪಾಯಿಗಳಲ್ಲಿ ಸುಮಾರು 7 ಲಕ್ಷ ಮಾತ್ರ ಹೊರಗೆ ಬಂದಿದ್ದುವು. ಉಳಿದುವನ್ನು ಸರಕಾರ ಕರಗಿಸಿತು. 1912ರ ನಾಣ್ಯದಲ್ಲಿ ಆನೆಗೆ ಉದ್ದನೆಯ ಸೊಂಡಿಲು ಬಂದಿತು.

ಹೀಗೆ ವಿರಳವಾದ ಇಸವಿಯಿದ್ದಲ್ಲಿ ಮೋಸವೂ ಬೆನ್ನಹಿಂದೆಯೇ ಬರುತ್ತದೆ. 1917ರ ನಾಣ್ಯದ ಕೊನೆಯ ಅಂಕಿಯನ್ನು ಕೆರೆದು 1911 ಮಾಡುವುದು ಕಷ್ಟವಲ್ಲ. ಆದರೆ ಇಸವಿ ಇರುವುದು ಹಿಂಬದಿಯಲ್ಲಿ, ಆನೆ ಇರುವುದು ಮುಂಬದಿಯಲ್ಲಿ! 1911 ಎಂದಿದ್ದು ಆನೆಗೆ ಉದ್ದನೆಯ ಸೊಂಡಿಲಿದ್ದರೆ ನಾಣ್ಯ ಸುಳ್ಳು ಹೇಳುತ್ತಿದೆ. ಉಪಾಧ್ಯಾಯರ ನಾಣ್ಯವನ್ನು ತಿರುಗಿಸಿ ನೋಡಿದೆ. ಸವೆದಿದ್ದರೂ ಆ ಗಿಡ್ಡ ಸೊಂಡಿಲಿನ ಹೊರಗೆರೆ ಉಳಿದಿತ್ತು. ಅಕ್ಕನದರಲ್ಲಿಯೂ ಅದೇ.

1918ರ ಸಂಗತಿ ಇದಕ್ಕೆ ತೀರ ವಿರುದ್ಧ. ಮಹಾಯುದ್ಧದ ಆ ವರ್ಷ ಬೆಳ್ಳಿಗೆ ಬರ ಬಂದು, ಅಮೆರಿಕದಿಂದ ಬೆಳ್ಳಿಯನ್ನು ತರಿಸಬೇಕಾಯಿತು. ಕಲ್ಕತ್ತೆ, ಮುಂಬಯಿಗಳ ಟಂಕಸಾಲೆಗಳು ಆ ಇಸವಿಯ ರೂಪಾಯಿಗಳನ್ನು 40 ಕೋಟಿಗೂ ಹೆಚ್ಚಾಗಿ ಒತ್ತಿದುವು. ಆದುದರಿಂದ ಸವೆದ 1918ರ ರೂಪಾಯಿಗೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಸಿಗದು. ತಮ್ಮನ ನಾಣ್ಯಕ್ಕೆ ಬೆಲೆ ತಂದುದು ಇಸವಿಯಲ್ಲ, ಸ್ಥಿತಿ. ಉಪಾಧ್ಯಾಯರದಕ್ಕೆ ಸ್ಥಿತಿಯಲ್ಲ, ಇಸವಿ. ಇವೆರಡೂ ಹೆಚ್ಚುಕಡಮೆ ಒಂದಕ್ಕೊಂದು ಹತ್ತಿರದ ಬೆಲೆಗೆ ಹೋಗಬಹುದೆಂದು ನನ್ನ ಅಂದಾಜು. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬುದಂತೂ ಬರಿಯ ಭ್ರಮೆ. ಟಿಪ್ಪುವಿನ ಕಾಲದ ಆನೆಯ ತಾಮ್ರದ ಪೈಸೆ ಇದಕ್ಕಿಂತ ನೂರು ವರ್ಷಕ್ಕೂ ಹಳೆಯದು, ಆದರೂ ಸವೆದ ಪೈಸೆ ಇಂದಿಗೂ ಸಾಧಾರಣ ಬೆಲೆಗೇ ದೊರೆಯುತ್ತದೆ.

"ಹಾಗಾದರೆ ಅಕ್ಕನದು?"

ಹೇಳಲು ನನಗೂ ಮನಸ್ಸಿರಲಿಲ್ಲ. ವಿರಳವಾದ ಇಸವಿ, ಸವೆಯದ ಕಿರೀಟ, ಎರಡೂ ಕೂಡಿದ್ದುದು ಅದೊಂದರಲ್ಲೇ. ಉಜ್ಜದೆ ಬಿಟ್ಟಿದ್ದರೆ ಮಿಕ್ಕೆರಡನ್ನು ಕೂಡಿಸಿದರೂ ಅದಕ್ಕೆ ಸಾಟಿಯಾಗುತ್ತಿರಲಿಲ್ಲ. ಈಗ ಉಪಾಧ್ಯಾಯರ ಸವೆದ ನಾಣ್ಯಕ್ಕೆ ಬರುವಷ್ಟೇ ಅದಕ್ಕೂ ಬಂದೀತು. ಕೆಲವರು ಅಷ್ಟನ್ನೂ ಕೊಡಲೊಪ್ಪರು.

ಉಪಾಧ್ಯಾಯರು ಮೂರನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿಕೊಂಡರು. ಒಂದಕ್ಕೊಂದು ತಾಗಬಾರದೆಂದು ನಾನು ಹೇಳಿದ್ದೆ.

"ತಮ್ಮನಿಗೆ ಈ ಸುದ್ದಿ ಹೇಳಿದರೆ ಅವನ ಮುನಿಸು ಇಳಿಯುತ್ತದೆ. ಅಕ್ಕನಿಗೆ ಏನು ಹೇಳಲಿ?"

"ಮಾರುವುದಾದರೆ ಎರಡನ್ನು ಮಾರಿ, ಬಂದುದನ್ನು ಮೂರು ಪಾಲು ಮಾಡಿ. ಅಕ್ಕನ ನಾಣ್ಯ ಕಲಶದ ಮುಂದೆಯೇ ಇರಲಿ. ಕೊಳ್ಳುವವನಿಗೆ ಅದರ ಹೊಳಪು ಬೇಡ, ಆಕೆಗೆ ಬೇಕು."

ಬಾಗಿಲವರೆಗೆ ಹೋದವರು ತಿರುಗಿ ನಿಂತು ಕೇಳಿದರು: "ಬರುವ ಹಬ್ಬಕ್ಕೆ ಉಜ್ಜಬಹುದೆ?"

"ಧಾರಾಳವಾಗಿ" ಎಂದೆ. "ಅದೊಂದನ್ನು ಮಾತ್ರ."